ಮೈಕು ತೆಗೆದುಕೊಂಡ ಕೈ

2008ರ ಅಕ್ಟೋಬರ್ 10ರಂದು ಅಮೆರಿಕದ ಮಿನೆಸೋಟಾ ರಾಜ್ಯದ ಲೇಕ್‌ವಿಲ್‌ನಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಜಾನ್ ಮೆಕೇನ್ ಎದುರಿಸಿದ ಸಭೆ ಅವರದೇ ಬೆಂಬಲಿಗರದು. ಬೈಗುಳವೆಲ್ಲ ಎದುರಾಳಿ ಒಬಾಮಾಗೆ. ಚಪ್ಪಾಳೆ ಗಿಟ್ಟಿಸುವುದು ಸುಲಭವಿತ್ತು. ಒಬಾಮಾ ಅಧ್ಯಕ್ಷರಾದರೆ ಭಯ ಎಂದ ಒಬ್ಬರಿಗೆ ಮೆಕೇನ್, ಅವರು ಸಭ್ಯರು, ಹೆದರಬೇಕಿಲ್ಲ ಎಂದರು; ಜನ ಗೇಲಿ ಕೂಗಿದರು. ಆಮೇಲೆ ಒಬ್ಬ ಮಹಿಳೆ, ಒಬಾಮಾ ಅರಬ್ ಎಂದಾಗ ಮೆಕೇನ್ ತಲೆಯಾಡಿಸಿ ಮೈಕು ತೆಗೆದುಕೊಂಡರು. ಇಲ್ಲಮ್ಮ, ಅವರು ಸಭ್ಯ ಸಂಸಾರಸ್ಥರು, ಈ ದೇಶದ ಪ್ರಜೆ, ನಮ್ಮ ಜಗಳ ವಿಷಯಗಳ ಮೇಲೆ ಎಂಬರ್ಥದ ಮಾತಾಡಿದರು. ಆಕೆಯನ್ನು ಹಂಗಿಸಲಿಲ್ಲ, ಸುಳ್ಳನ್ನೂ ಹಾಗೇ ಬಿಡಲಿಲ್ಲ. ‘ಇಲ್ಲ’ ಮೊದಲು, ಗೌರವ ಜೊತೆಗೇ, ಕೊನೆಗೆ ಜಗಳಕ್ಕೊಂದು ಯೋಗ್ಯ ಜಾಗ: ಆ ಮಾತಿನ ಕಸುಬು ಈ ಕ್ರಮದಲ್ಲಿದೆ.

ಅರಬ್ ಆದವರು ಸಭ್ಯರಲ್ಲವೇ ಎಂಬ ಆಕ್ಷೇಪ ಆಮೇಲೆ ಬಂತು. ಅದು ಸರಿಯೇ, ನಿಂತ ನಿಲುವಿನಲ್ಲಿ ಆಡಿದ ಮಾತಿನಲ್ಲಿ ಆ ಬಿರುಕು ಉಳಿಯಿತು. ಜನ ಗೇಲಿ ಕೂಗಿದರಲ್ಲ, ಸಭೆಯ ಕಾವು ಇಳಿಯಿತೆಲ್ಲಿ ಎಂದೂ ಕೇಳಬಹುದು. ಇಂಥ ಮಾತು ಕೂಗುವವರನ್ನು ತಕ್ಷಣ ಸುಮ್ಮನಾಗಿಸುವುದಿಲ್ಲ. ಮುಂದಿನವರು ಇನ್ನೂ ಜೋರಾಗಿ ಕೂಗಲು ವೇದಿಕೆಯ ಒಪ್ಪಿಗೆ ಸಿಗದಂತೆ ಮಾಡುತ್ತದೆ, ಅಷ್ಟೆ. ನವೆಂಬರ್ 4ರ ರಾತ್ರಿ ಫೀನಿಕ್ಸ್‌ನಲ್ಲಿ ಸೋಲೊಪ್ಪಿಕೊಳ್ಳುವಾಗಲೂ ಒಬಾಮಾ ಹೆಸರಿಗೆ ಜನ ಗೇಲಿ ಕೂಗಿದರು. ಮೆಕೇನ್ ಕೈಯೆತ್ತಿ, ದಯವಿಟ್ಟು ಎಂದರು.