ಮಿಡಿ ಸ್ವರಗಳಿಗೆ ತಕ್ಕ ವಾದ್ಯ

ಮಿಡಿ ಫೈಲಿನೊಳಗೆ ನಾದವಿಲ್ಲ. ಯಾವ ಸ್ವರ, ಯಾವಾಗ, ಎಷ್ಟು ಹೊತ್ತು, ಎಷ್ಟು ಒತ್ತು ಎಂಬ ಸೂಚನೆಗಳಷ್ಟೇ ಅಲ್ಲಿರುತ್ತವೆ. ನಾದ ಕೊಡುವುದು ಸೌಂಡ್‌ಫಾಂಟ್: ನಿಜ ವಾದ್ಯಗಳ ಸ್ವರಗಳನ್ನು ಧ್ವನಿಮುದ್ರಿಸಿ ಕಟ್ಟಿಟ್ಟ ಫೈಲು. ಒಳ್ಳೆಯ ಫಾಂಟ್ ಇದ್ದೂ ರಾಗ ಆಟಿಕೆಯಂತೆ ಕೇಳಿಸಿದರೆ ಎಡವಟ್ಟು ಎಲ್ಲಿದೆ ಎಂದು ಗುರುತಿಸಲು ಬೇಥೋವನ್‌ನ 9ನೇ ಸಿಂಫನಿಯ (1824) ಪ್ರಸಿದ್ಧ ಆನಂದಗೀತೆಯ ಧಾಟಿಯನ್ನು ತೆಗೆದುಕೊಳ್ಳಿ.

ಅಂತರ ಗಾಂಧಾರದಲ್ಲಿ ಹುಟ್ಟಿ, ಪಂಚಮದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುವ ಧಾಟಿಯಿದು. ಮೂಲದಲ್ಲಿ ಇದನ್ನು ಮೊದಲು ನುಡಿಸುವುದು ಚೆಲ್ಲೋ ಮತ್ತು ಡಬಲ್ ಬಾಸ್‌ಗಳು, ತಗ್ಗಿದ ದನಿಯಲ್ಲಿ. ಚೆಲ್ಲೋದ ಮೊದಲ ಸ್ವರ ಮಿಡಿ ಎಣಿಕೆಯಲ್ಲಿ 54.

ಇದನ್ನೇ ಫ್ಲೂಟ್‌ಗೆ ಕೊಟ್ಟು ನೋಡಿ. ಸಾಮಾನ್ಯ ಫ್ಲೂಟ್‌ನ ಕನಿಷ್ಠ ಸ್ವರ 60. ಆದರೂ ಸೌಂಡ್‌ಫಾಂಟ್ ತಕರಾರು ಮಾಡುವುದಿಲ್ಲ. ಹತ್ತಿರದ ಧ್ವನಿಮುದ್ರಣವನ್ನು ಕೆಳಕ್ಕೆ ಎಳೆದು ಹೇಗೋ ನುಡಿಸಿಬಿಡುತ್ತದೆ. ಕೇಳಿಸುವುದು ಉಬ್ಬಸದ, ಮಂದವಾದ, ಯಾವ ವಾದ್ಯದ್ದೂ ಅಲ್ಲದ ದನಿ. ಇಡೀ ರಾಗವನ್ನು 24 ಅರ್ಧಸ್ವರ ಮೇಲೇರಿಸಿದರೆ ಆ ದೋಷ ಹೋಗುತ್ತದೆ. ಫಾಂಟ್ ಬದಲಿಸುವ ಮುನ್ನ ವಾದ್ಯದ ವ್ಯಾಪ್ತಿಯನ್ನು ನೋಡಬೇಕೆನ್ನುವುದು ಇದಕ್ಕೇ.

ಈಗ ಚೆಲ್ಲೋಗೆ ಮರಳಿ. `FluidR3_GM.sf2` ಫಾಂಟ್ ಇದ್ದರೆ ಈ ಆದೇಶ ಸಾಕು:

```
fluidsynth -ni -F raga.wav FluidR3_GM.sf2 raga.mid
```

ಧಾಟಿಯಲ್ಲಿ ಒಂದೇ ಸ್ವರ ಬೆನ್ನುಬೆನ್ನಿಗೆ ಎರಡು ಸಲ ಬರುತ್ತದೆ. ಕಿವಿ ಇಡಬೇಕಾದದ್ದು ಅಲ್ಲಿಯೇ. ಎರಡಕ್ಕೂ ಒತ್ತು 100 ಇದ್ದರೆ ಅದೇ ಧ್ವನಿಮುದ್ರಣ ಅದೇ ಬಿರುಸಿನಲ್ಲಿ ಮರುಕಳಿಸಿ, ಮೊಳೆ ಹೊಡೆದಂತಾಗುತ್ತದೆ. ಮೊದಲನೆಯದಕ್ಕೆ 70, ಎರಡನೆಯದಕ್ಕೆ 62 ಕೊಟ್ಟು, ನಡುವೆ ಕೂದಲೆಳೆಯ ಬಿಡುವು ಇಡಿ. ಬೇರೆ ಸ್ವರಕ್ಕೆ ಸಾಗುವಾಗ ಮಾತ್ರ ಹಿಂದಿನದು ಮುಂದಿನದನ್ನು ತುಸು ಮುಟ್ಟಲಿ. ಕಮಾನು ಒಂದೇ ಎಳೆತದಲ್ಲಿ ಸಾಗಿದಂತೆ ಕೇಳುತ್ತದೆ.

ಸಾಲಿನ ಕೊನೆಯ ದೀರ್ಘ ಸ್ವರದಲ್ಲಿ ಇನ್ನೊಂದು ಪರೀಕ್ಷೆ. ಸೌಂಡ್‌ಫಾಂಟ್ ಮುದ್ರಣದ ಒಂದು ತುಣುಕನ್ನು ಸುತ್ತಿ ಸುತ್ತಿ ಹಾಡಿಸಿಯೇ ಸ್ವರವನ್ನು ಉದ್ದ ಮಾಡುವುದು. ಆ ಸುತ್ತು ಅಲೆಯಂತೆ ಗೊತ್ತಾದರೆ, ಎಕ್ಸ್‌ಪ್ರೆಶನ್ ಎಂಬ 11ನೇ ಕಂಟ್ರೋಲರನ್ನು 70ರಿಂದ 90ಕ್ಕೆ ಏರಿಸಿ ಮೆಲ್ಲನೆ ಇಳಿಸಿ. ಏರಿಳಿತದಲ್ಲಿ ಸುತ್ತು ಬಹುಮಟ್ಟಿಗೆ ಮರೆಯಾಗುತ್ತದೆ.

ಇಷ್ಟಾದರೂ ಬೆರಳು ತಂತಿಯ ಮೇಲೆ ಜಾರುವ ಸದ್ದು ಸಾಮಾನ್ಯ ಫಾಂಟ್‌ಗಳಲ್ಲಿ ಸಿಗದು. ಅಲ್ಲಿ ಸ್ವರಗಳನ್ನು ಬಿಡಿಬಿಡಿಯಾಗಿ ಮುದ್ರಿಸಿರುತ್ತಾರೆ. ಪಿಯಾನೋದಲ್ಲಿ ಪ್ರತಿ ಸ್ವರವೂ ನಿಜಕ್ಕೇ ಬೇರೆ ಬಡಿತ, ಅದು ತಾನಾಗಿ ಕ್ಷೀಣಿಸುತ್ತದೆ ಕೂಡ. ಆದ್ದರಿಂದ ಅದೇ ಫಾಂಟಿನಲ್ಲಿ ಪಿಯಾನೋ ಬೇಗ ನಂಬಿಸುತ್ತದೆ, ಚೆಲ್ಲೋ ಕೆಲಸ ಕೇಳುತ್ತದೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ ಈ ವ್ಯತ್ಯಾಸ ಮೊದಲ ಸಾಲಿನಲ್ಲೇ ಸಿಗುತ್ತದೆ.