ಹೆಸರಿನ ಬೆಸುಗೆಯಲ್ಲಿ ಅಡಗಿದ ಮಂಗ

ಹೊಸದಾಗಿ ಸೇರಿದವರಿಗೆ ಯೂಸರ್‌ನೇಮ್ ಹಂಚಲು ಚಲಾವಣೆಯಲ್ಲಿರುವ ಸೂತ್ರಗಳಲ್ಲಿ ಇದೂ ಒಂದು: ಇಂಗ್ಲಿಷಿನಲ್ಲಿ ಬರೆದ ಹೆಸರಿನ ಮೊದಲ ಮೂರು ಅಕ್ಷರ, ಅಡ್ಡಹೆಸರಿನ ಮೊದಲ ಎರಡು. ಚಿಕ್ಕದು, ನೆನಪಿಡಲು ಸುಲಭ. ಆದರೆ ಮಂಜುನಾಥ ಗಾಣಿಗ ಎಂಬ ಹುಡುಗನಿಗೆ ಈ ಸೂತ್ರ ಕೊಡುವುದು manga. ಕಾತ್ಯಾಯಿನಿ ತೇಜಸ್ವಿಗೆ katte. ಕೋರ್ಸು ಮುಗಿಯುವವರೆಗೂ ಲ್ಯಾಬಿನ ಪ್ರತಿ ಪರದೆಯ ಮೇಲೂ ಆ ಮಕ್ಕಳು ಅದೇ ಹೆಸರಲ್ಲಿ ಓಡಾಡಬೇಕು. ಇಂಥ ತೊಂದರೆ ತಡೆಯಬಹುದು, ತಡೆಯಲೇಬೇಕು.

ಸಾಮಾನ್ಯವಾಗಿ ಸೂಚಿಸುವ ಮದ್ದು ಕೆಟ್ಟ ಪದಗಳ ಪಟ್ಟಿ. ಹುಟ್ಟಿದ ಯೂಸರ್‌ನೇಮಿನಲ್ಲಿ ಪಟ್ಟಿಯ ಪದವೇನಾದರೂ ಕಂಡರೆ ತಿರಸ್ಕರಿಸು ಎಂಬ ನಿಯಮ. ಅಂತರ್ಜಾಲದಲ್ಲಿ ಸಿಗುವ ಪಟ್ಟಿಗಳು ಹೆಚ್ಚಾಗಿ ಇಂಗ್ಲಿಷಿನವು. ಅವುಗಳಲ್ಲಿ ಮಂಗನೂ ಇಲ್ಲ, ಕತ್ತೆಯೂ ಇಲ್ಲ. ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದು ಕಡೆ ಆಗುತ್ತದೆ. ರಕ್ಷಿತಾ, ಹರ್ಷಿತಾ, ಅಕ್ಷಿತಾ, ದೀಕ್ಷಿತ್ ಎಂಬ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದು ನೋಡಿ. ಎಲ್ಲದರ ಒಳಗೂ ಆ ಭಾಷೆಯ ಒಂದು ಹೊಲಸು ಪದ ಕುಳಿತಿರುತ್ತದೆ. ಪಟ್ಟಿ ಹಿಡಿದು ಕುರುಡಾಗಿ ಹುಡುಕುವ ಪ್ರೋಗ್ರಾಂ ನಮ್ಮ ಮಕ್ಕಳಿಗೆ ಅವರದೇ ಹೆಸರನ್ನು ನಿರಾಕರಿಸುತ್ತದೆ.

ಪದ ಎಲ್ಲಿದೆ ಎನ್ನುವುದನ್ನು ನೋಡಿದರೆ ಈ ಗಂಟು ಬಿಚ್ಚುತ್ತದೆ. ತಂದೆತಾಯಿ ಇಟ್ಟ ಹೆಸರಿನೊಳಗೇ ಪದ ಪೂರ್ತಿಯಾಗಿ ಇದ್ದರೆ ಅದು ಅವರ ಹೆಸರು, ಮುಟ್ಟಬಾರದು. ಎರಡು ತುಂಡುಗಳನ್ನು ನಾವು ಅಂಟಿಸಿದ್ದರಿಂದ ಪದ ಹುಟ್ಟಿದ್ದರೆ ತಪ್ಪು ನಮ್ಮದು. ಹಾಗಾಗಿ ಪ್ರೋಗ್ರಾಂ ಬೆಸುಗೆಯ ಜಾಗವನ್ನು ನೆನಪಿಟ್ಟುಕೊಳ್ಳಬೇಕು. manga ಪದದಲ್ಲಿ ಬೆಸುಗೆ ಇರುವುದು ಮೂರನೆಯ ಅಕ್ಷರದ ನಂತರ. ಪದ ಒಂದನೆಯ ಅಕ್ಷರದಿಂದ ಐದನೆಯದರವರೆಗೆ ಹರಡಿ ಬೆಸುಗೆಯನ್ನು ದಾಟಿದೆ, ಆದ್ದರಿಂದ ತಿರಸ್ಕಾರ. ಪೂರ್ತಿ ಹೆಸರಿಗೆ ಇನಿಷಿಯಲ್ ಅಂಟಿಸಿದ rakshita.n ಎಂಬ ಇಮೇಲ್ ವಿಳಾಸದಲ್ಲಿ ಬೆಸುಗೆ ಎಂಟನೆಯ ಅಕ್ಷರದ ನಂತರ. ಸಂಶಯದ ಪದ ನಾಲ್ಕರಿಂದ ಏಳರವರೆಗಷ್ಟೇ ಇದೆ, ದಾಟಿಲ್ಲ, ಆದ್ದರಿಂದ ಒಪ್ಪಿಗೆ. ಎಸ್. ಹಿತೇಶ್ ಎಂಬುವರ ಇನಿಷಿಯಲ್ ಮುಂದಿಟ್ಟು shitesh ಮಾಡಿದರೆ ಪದ ದಾಟುತ್ತದೆ. ಹೆಸರನ್ನೇ ಮುಂದಿಟ್ಟು hitesh.s ಎಂದರೆ ಮುಗಿಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಕತ್ತರಿಸುವ ಜಾಗವೂ ಬೆಸುಗೆಯೇ. ಮಂಗಳಾ ಎಂಬ ಹೆಸರನ್ನು ಐದಕ್ಷರಕ್ಕೆ ಕತ್ತರಿಸಿದರೆ ಮತ್ತೆ manga ಬರುತ್ತದೆ. ಅಂಟಿಸಿದ್ದೇನೂ ಇಲ್ಲ, ತುಂಡರಿಸಿದ್ದರಿಂದ ಬಂದದ್ದು. ಪದ ಸರಿಯಾಗಿ ಕತ್ತರಿಯ ಅಂಚಿಗೇ ಮುಗಿದರೆ ಅದನ್ನೂ ತಿರಸ್ಕರಿಸಬೇಕು. ನನ್ನ ಕೇಳಿದರೆ ಕತ್ತರಿಸುವ ಪದ್ಧತಿಯನ್ನೇ ಬಿಡಬೇಕು. ಇಮೇಲ್ ವಿಳಾಸದಲ್ಲಿ @ ಗುರುತಿನ ಹಿಂದೆ 64 ಅಕ್ಷರಗಳವರೆಗೆ ಜಾಗವಿದೆ, ನಮ್ಮ ಉದ್ದುದ್ದ ಹೆಸರುಗಳಿಗೂ ಅದು ಧಾರಾಳ.

ಪೂರ್ತಿ ಹೆಸರು ಇಟ್ಟ ಕೂಡಲೇ ಘರ್ಷಣೆ ಶುರುವಾಗುತ್ತದೆ. ಒಂದೇ ಕಚೇರಿಯಲ್ಲಿ ಇಬ್ಬರು ಮಂಜುನಾಥ ಎಸ್. ಇದ್ದರೆ ಹೆಚ್ಚಿನವರು ಎರಡನೆಯವರಿಗೆ manjunath.s1 ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಆ 1 ಹಲವು ಅಕ್ಷರಶೈಲಿಗಳಲ್ಲಿ ಎಲ್ ಹಾಗೆ ಕಾಣುತ್ತದೆ, ಅದನ್ನು ಹಾಕಲು ಮರೆತವರ ಕಾಗದ ಮೊದಲನೆಯವರ ಪೆಟ್ಟಿಗೆಗೇ ಬೀಳುತ್ತದೆ. ನಮ್ಮಲ್ಲಿ ಇನಿಷಿಯಲ್ ಹಿಂದೆ ಸಾಮಾನ್ಯವಾಗಿ ತಂದೆಯ ಹೆಸರೋ ಊರೋ ಇರುತ್ತದೆ, ದಾಖಲೆಯಲ್ಲೂ ಅದು ಸಿಗುತ್ತದೆ. ಅದನ್ನು ಬಿಡಿಸಿ manjunath.shivanna ಎಂದರೆ ಫೋನಿನಲ್ಲೂ ಹೇಳಬಹುದು. ಅದೂ ಖಾಲಿ ಇಲ್ಲದಿದ್ದರೆ ಮಾತ್ರ ಅಂಕಿ, ಅದೂ 2ರಿಂದ. ಹುಟ್ಟಿದ ವರ್ಷ ಸೇರಿಸುವುದು ಬೇಡ, ವಯಸ್ಸು ಜಗಜ್ಜಾಹೀರಾಗುತ್ತದೆ.

ಎರಡು ವಿಳಾಸ ಒಂದೇ ಹೌದೋ ಅಲ್ಲವೋ ಎಂದು ಹೋಲಿಸುವಾಗ ಚುಕ್ಕೆ ತೆಗೆದು, ಎಲ್ಲವನ್ನೂ ಸಣ್ಣಕ್ಷರಕ್ಕೆ ಇಳಿಸಿ ಹೋಲಿಸಬೇಕು. ರಾಮನ್ ಎ. ಅವರ raman.a ಮತ್ತು ರಮಣ ಅವರ ramana ಯಂತ್ರಕ್ಕೆ ಬೇರೆ, ಜನಕ್ಕೆ ಒಂದೇ. ಜಿಮೇಲ್ ಕೂಡ ತನ್ನ ಸಾಮಾನ್ಯ ಖಾತೆಗಳಲ್ಲಿ ಚುಕ್ಕೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೀಗೆ ಇಳಿಸಿದ ರೂಪವನ್ನು ಪ್ರತ್ಯೇಕ ಕಾಲಂನಲ್ಲಿಟ್ಟು ಡೇಟಾಬೇಸಿನಲ್ಲಿ ಅದಕ್ಕೆ UNIQUE ಕಟ್ಟು ಹಾಕಬೇಕು. ಮೊದಲು ಹುಡುಕಿ, ಖಾಲಿ ಇದೆ ಎಂದು ತಿಳಿದು ಆಮೇಲೆ ಬರೆಯುವ ಪ್ರೋಗ್ರಾಂ ದಾಖಲಾತಿಯ ದಟ್ಟಣೆಯಲ್ಲಿ ಸೋಲುತ್ತದೆ. ಎರಡು ಕೌಂಟರಿನವರು ಒಂದೇ ಕ್ಷಣದಲ್ಲಿ ಹುಡುಕಿದರೆ ಇಬ್ಬರಿಗೂ ಖಾಲಿಯೇ ಕಾಣುತ್ತದೆ. ಬರೆಯಲು ನೋಡು, ಡೇಟಾಬೇಸ್ ಬೇಡವೆಂದರೆ ಮುಂದಿನ ರೂಪಕ್ಕೆ ಹೋಗು ಎನ್ನುವುದೇ ಸರಿಯಾದ ಕ್ರಮ.

ಬಿಟ್ಟು ಹೋದವರ ವಿಳಾಸವನ್ನು ಹೊಸಬರಿಗೆ ಕೊಡಲೇಬಾರದು. 2013ರಲ್ಲಿ ಯಾಹೂ ಒಂದು ವರ್ಷ ಬಳಕೆಯಾಗದ ಐಡಿಗಳನ್ನು ಬೇರೆಯವರಿಗೆ ಹಂಚಿತು. ಪಡೆದ ಕೆಲವರಿಗೆ ಹಿಂದಿನವರ ಖಾಸಗಿ ಪತ್ರಗಳು ಬರತೊಡಗಿದವು. ಬ್ಯಾಂಕಿನವರು ಪಾಸ್‌ವರ್ಡ್ ಬದಲಿಸುವ ಕೊಂಡಿಯನ್ನು ಕಳಿಸುವುದೂ ಅದೇ ವಿಳಾಸಕ್ಕಲ್ಲವೇ? ನಿವೃತ್ತರಾದ ಮಂಜುನಾಥರ ಸಾಲನ್ನು ಡೇಟಾಬೇಸಿನಿಂದ ಅಳಿಸದೆ, ಮುಚ್ಚಿದೆ ಎಂದಷ್ಟೇ ಗುರುತಿಸಿ ಇಡಬೇಕು. ಮದುವೆಯ ನಂತರ ಹೆಸರು ಬದಲಿಸಿಕೊಂಡವರಿಗೆ ಹೊಸ ವಿಳಾಸ ಕೊಡಿ, ಹಳೆಯದಕ್ಕೆ ಬಂದ ಕಾಗದವೂ ಅವರಿಗೇ ತಲುಪಲಿ. ಹಾಜರಿ, ಸಂಬಳ, ಅಂಕಪಟ್ಟಿಗಳನ್ನು ಮಾತ್ರ ವಿಳಾಸಕ್ಕೆ ಕಟ್ಟದೆ, ಎಂದೂ ಬದಲಾಗದ ಒಂದು ಒಳಸಂಖ್ಯೆಗೆ ಕಟ್ಟಿ.