ಒಡೆಯುವ ಮುಂಚೆ ಓದಿ

ಬಹುಪದೋಕ್ತಿಯ ಕೆಳಗೆ ಬಹುಪದೋಕ್ತಿ ಕಂಡರೆ ಛೇದವನ್ನು ಅಪವರ್ತಿಸು, A ಮತ್ತು B ಬರೆ, ಆಂಶಿಕ ಭಿನ್ನರಾಶಿಗಳಾಗಿ ಒಡೆ, ಆಮೇಲೆ ಅನುಕಲಿಸು. ದ್ವಿತೀಯ ಪಿಯುಸಿ ಮಕ್ಕಳಿಗೆ ನಾವು ಹೇಳಿಕೊಡುವುದು ಇದನ್ನೇ. ಚಿತ್ತವಾಡ್ಗಿಯ ಟ್ಯೂಷನ್ ಮನೆಯಿರಲಿ, ಹೊಸಪೇಟೆಯ ಕಾಲೇಜಿರಲಿ, ಲೆಕ್ಕ ಈಗ ಹೆಚ್ಚಾಗಿ ಮೊಬೈಲಿನಲ್ಲಿ ತೆಗೆದ ಫೋಟೊ ಆಗಿಯೇ ಬರುತ್ತದೆ. ಹೀಗಾಗಿ ಆ ಪಾಠದ ಜೊತೆ ಇನ್ನೊಂದು ನಂಬಿಕೆಯೂ ಬೆಳೆದಿದೆ. ಫೋಟೊ ಮಸುಕಾಗಿದ್ದರೂ ಛೇದ ಸಲೀಸಾಗಿ ಅಪವರ್ತನವಾದರೆ ನಾವು ಸರಿಯಾಗಿ ಓದಿದ್ದೇವೆ ಎಂದರ್ಥ, ಅನ್ನುತ್ತಾರೆ. ಈ ಎರಡು ಮಾತನ್ನೂ ನಾನು ಒಪ್ಪುವುದಿಲ್ಲ.

ಮೊದಲು ಫೋಟೊದ ವಿಚಾರ. ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಕಳೆಯುವ ಚಿಹ್ನೆ ಸರಿಯಾಗಿ ಗೆರೆಯ ಮೇಲೇ ಬಿದ್ದರೆ ಫೋಟೊದಲ್ಲಿ ಅದು ಗೆರೆಯೊಳಗೇ ಸೇರಿಹೋಗುತ್ತದೆ. ಕೂಡುವ ಚಿಹ್ನೆಯ ಲಂಬಗೀಟು ತೆಳುವಾಗಿದ್ದರೆ ಅದೇ ಕಳೆಯುವ ಚಿಹ್ನೆಯಂತೆ ಕಾಣುತ್ತದೆ. ಅಂಥ ಫೋಟೊದಲ್ಲಿ ಈ ಲೆಕ್ಕ ಇದೆ ಎಂದುಕೊಳ್ಳಿ:

∫ (x² + 1) / (x² − 5x + 6) dx

ಛೇದದ ಎರಡು ಚಿಹ್ನೆಗಳೂ ಅನುಮಾನ. ಓದುವವನು (x − 2)(x − 3) ಎಂದು ಒಡೆದು, ಸರಿಯಾಗಿದೆ ಎಂದು ಸಮಾಧಾನ ಮಾಡಿಕೊಳ್ಳುತ್ತಾನೆ. ಆದರೆ x² + 5x + 6 ಕೂಡ ಒಡೆಯುತ್ತದೆ: (x + 2)(x + 3). x² − 5x − 6 ಕೂಡ: (x − 6)(x + 1). x² + 5x − 6 ಕೂಡ: (x + 6)(x − 1). ಕಾರಣ ಸರಳ. ವರ್ಗಮೂಲದೊಳಗೆ ಬರುವುದು 25 − 24 ಇಲ್ಲವೇ 25 + 24, ಅಂದರೆ 1 ಅಥವಾ 49, ಎರಡೂ ಪೂರ್ಣವರ್ಗಗಳೇ. ನಾಲ್ಕು ರೀತಿ ಓದಿದರೂ ನಾಲ್ಕೂ ಚೆಂದವಾಗಿ ಒಡೆಯುತ್ತವೆ. ಶಿಕ್ಷಕರು ಲೆಕ್ಕ ಕಟ್ಟುವಾಗ 5, 6 ಎಂಬ ಈ ಜೋಡಿಯನ್ನೇ ಮತ್ತೆ ಮತ್ತೆ ಹಿಡಿಯುವುದರಿಂದ ಇದನ್ನು ಅಪರೂಪದ ಉದಾಹರಣೆ ಎಂದು ತಳ್ಳಿಹಾಕುವಂತಿಲ್ಲ. ಒಡೆಯಿತು ಎಂಬುದು ಸರಿಯಾಗಿ ಓದಿದ್ದಕ್ಕೆ ಸಾಕ್ಷಿಯಲ್ಲ.

ಹಾಗಾದರೆ ಸಾಕ್ಷಿ ಎಲ್ಲಿದೆ? ನಿಶ್ಚಿತ ಅನುಕಲವಾಗಿದ್ದರೆ ಮಿತಿಗಳನ್ನು ನೋಡಬೇಕು. ಮಿತಿಗಳು 4 ಮತ್ತು 7 ಆಗಿದ್ದರೆ x² − 5x − 6 ಆಗಿರಲು ಸಾಧ್ಯವೇ ಇಲ್ಲ, ಏಕೆಂದರೆ ನಡುವೆ x = 6 ರಲ್ಲಿ ಛೇದ ಸೊನ್ನೆಯಾಗಿ ಲೆಕ್ಕವೇ ಅರ್ಥ ಕಳೆದುಕೊಳ್ಳುತ್ತದೆ. ಉಳಿದ ಮೂರರಲ್ಲಿ ಯಾವುದು ಎಂದು ಮಿತಿಗಳು ಹೇಳಲಾರವು. ಅದಕ್ಕೆ ಪುಸ್ತಕದ ಹಿಂದಿನ ಉತ್ತರ ಬೇಕು. ಉತ್ತರದಲ್ಲಿ log|x − 2| ಮತ್ತು log|x − 3| ಇದ್ದರೆ ಛೇದ ಎಲ್ಲೆಲ್ಲಿ ಸೊನ್ನೆಯಾಗುತ್ತದೆ ಎಂಬುದು ನೇರವಾಗಿ ತಿಳಿಯುತ್ತದೆ. ಇನ್ನೊಂದು ಸುಳಿವೂ ಇದೆ, ಆದರೆ ಅದನ್ನು ಪೂರ್ತಿ ನಂಬಬಾರದು. x² − 5x − 6 ಎಂದು ಓದಿದರೆ ಮೇಲೆ ಬರುವ ಸ್ಥಿರಾಂಕಗಳು 37/7 ಮತ್ತು −2/7. ಏಳನೇ ಒಂದರ ಭಾಗಗಳು ಕಂಡಾಗ ಅನುಮಾನ ಬರಲಿ. ಆದರೆ ಬೇಕೆಂದೇ ಅಂಥ ಲೆಕ್ಕ ಕೊಡುವವರೂ ಇದ್ದಾರೆ.

ಈಗ ಒಡೆಯುವ ಮಾತಿಗೆ ಬರೋಣ. ಛೇದ x² − 5x + 6 ಎಂದೇ ಖಚಿತವಾಯಿತು ಎನ್ನೋಣ. ಅಭ್ಯಾಸಬಲದ ವಿದ್ಯಾರ್ಥಿ ಕೂಡಲೇ A/(x − 2) + B/(x − 3) ಎಂದು ಬರೆಯುತ್ತಾನೆ. x² + 1 = A(x − 3) + B(x − 2) ಎಂದಿಟ್ಟು x ಗೆ 2 ಹಾಕಿದರೆ A = −5, 3 ಹಾಕಿದರೆ B = 10. ಎಲ್ಲೂ ತೊಡಕಿಲ್ಲ. ಅನುಕಲಿಸಿ −5 log|x − 2| + 10 log|x − 3| + C ಎಂದು ಮುಗಿಸುತ್ತಾನೆ. ಉತ್ತರ ತಪ್ಪು.

ಇದರಲ್ಲಿ ಕೆಟ್ಟದ್ದೇನೆಂದರೆ A, B ಎರಡೂ ಸರಿಯಾಗಿಯೇ ಇವೆ. ತಪ್ಪು ನಡೆದದ್ದು ಅದಕ್ಕೂ ಮುಂಚೆ. ಅಂಶದ ಘಾತ 2, ಛೇದದ ಘಾತವೂ 2. ಇದು ವಿಷಮ ಭಿನ್ನರಾಶಿ, ಮೊದಲು ಭಾಗಿಸಬೇಕಿತ್ತು. ಭಾಗಿಸಿದರೆ 1 ಹೊರಬಂದು (5x − 5)/(x² − 5x + 6) ಉಳಿಯುತ್ತದೆ. ಈ ಶೇಷವನ್ನು ಒಡೆದಾಗಲೂ ಅದೇ −5, ಅದೇ 10 ಬರುತ್ತವೆ. x ಗೆ 2 ಮತ್ತು 3 ಹಾಕುವ ಜಾಣ ವಿಧಾನ ಆ ಎರಡು ಬಿಂದುಗಳನ್ನಷ್ಟೇ ನೋಡುತ್ತದೆ. ಅಲ್ಲಿ ಛೇದ ಸೊನ್ನೆ, ಆದ್ದರಿಂದ ಹೊರಗಿನ 1 ಅದರ ಕಣ್ಣಿಗೆ ಬೀಳುವುದೇ ಇಲ್ಲ. x² ನ ಸಹಗುಣಕಗಳನ್ನು ಹೋಲಿಸಿದ್ದರೆ ಎಡಗಡೆ 1, ಬಲಗಡೆ 0 ಎಂದು ಗುಟ್ಟು ಕೂಡಲೇ ಬಯಲಾಗುತ್ತಿತ್ತು. ಸರಿಯಾದ ಉತ್ತರ x − 5 log|x − 2| + 10 log|x − 3| + C. ಕಳೆದುಹೋದದ್ದು ಆ ಒಂದು x.

ಇದನ್ನು ಹಿಡಿಯಲು ಅನುಕಲಿಸುವ ಮುಂಚೆ x = 0 ಹಾಕಿ ನೋಡಿದರೆ ಸಾಕು. ಮೂಲ ಲೆಕ್ಕದ ಬೆಲೆ 1/6. ಭಾಗಿಸದೆ ಒಡೆದದ್ದರ ಬೆಲೆ 5/2 − 10/3, ಅಂದರೆ −5/6. ವ್ಯತ್ಯಾಸ ಸರಿಯಾಗಿ 1. ಆದರೆ ಈ ಪರೀಕ್ಷೆಗೆ ಒಂದು ಮಿತಿಯಿದೆ, ಅದನ್ನು ಮರೆಯಬಾರದು: ಒಡೆದದ್ದು ಸರಿಯೇ ಎಂದು ಇದು ಹೇಳುತ್ತದೆ, ಫೋಟೊ ಓದಿದ್ದು ಸರಿಯೇ ಎಂದು ಹೇಳುವುದಿಲ್ಲ. ತಪ್ಪು ಚಿಹ್ನೆಯ ಲೆಕ್ಕವನ್ನು ಸರಿಯಾಗಿ ಬಿಡಿಸಿದವನೂ ಇದರಲ್ಲಿ ಪಾಸಾಗುತ್ತಾನೆ.

ಘಾತ ಸರಿಯಿದ್ದರೂ ಒಡೆಯುವುದೇ ಮೊದಲ ಹೆಜ್ಜೆ ಆಗಬೇಕಿಲ್ಲ. (2x − 5)/(x² − 5x + 7) ತೆಗೆದುಕೊಳ್ಳಿ. ಛೇದಕ್ಕೆ ನೈಜ ಅಪವರ್ತನಗಳಿಲ್ಲ, ವರ್ಗಮೂಲದೊಳಗೆ −3 ಬರುತ್ತದೆ. ಒಡೆಯಲು ಹೊರಟವನು ಇಲ್ಲೇ ನಿಂತುಬಿಡುತ್ತಾನೆ. ಅದಕ್ಕಿಂತ ಕೆಟ್ಟದ್ದೆಂದರೆ, ಫೋಟೊದಲ್ಲಿರುವ 7 ನಿಜಕ್ಕೂ 6 ಇರಬೇಕು ಎಂದು ತಾನೇ ತಿದ್ದಿಕೊಳ್ಳುತ್ತಾನೆ. ಅಂಶವನ್ನೊಮ್ಮೆ ನೋಡಿದ್ದರೆ ಅದು ಛೇದದ ಅವಕಲನವೇ ಎಂದು ತಿಳಿಯುತ್ತಿತ್ತು. ಉತ್ತರ log(x² − 5x + 7) + C, ಒಂದೇ ಸಾಲು. ಒಡೆಯದಿದ್ದರೆ ಅನುಕಲಿಸಲಾಗದು ಎಂಬ ಯೋಚನೆ ದೊಡ್ಡವರನ್ನೂ ಬಿಟ್ಟಿಲ್ಲ. 1702ರಲ್ಲಿ ಲೈಬ್ನಿಟ್ಸ್ x⁴ + a⁴ ಅನ್ನು ನೈಜ ವರ್ಗೋಕ್ತಿಗಳಾಗಿ ಒಡೆಯಲಾಗದು ಎಂದು ನಂಬಿ, 1/(x⁴ + a⁴) ನ ಅನುಕಲ ಲಾಗ್ ಮತ್ತು ವೃತ್ತದ ಕಂಸಗಳಿಂದ ಸಿಗದು ಎಂದುಕೊಂಡಿದ್ದರು. ಅದು ಒಡೆಯುತ್ತದೆ: (x² + √2ax + a²)(x² − √2ax + a²).

ಎನ್‌ಸಿಇಆರ್‌ಟಿ ಪುಸ್ತಕವೇ ನನ್ನ ಪರ ಇದೆ. ಆಂಶಿಕ ಭಿನ್ನರಾಶಿಯ ಅಭ್ಯಾಸದಲ್ಲೇ 1/(x(x⁴ − 1)) ಎಂಬ ಲೆಕ್ಕವಿದೆ. ಛೇದವನ್ನು ಪೂರ್ತಿ ಒಡೆದರೆ x, x − 1, x + 1, x² + 1. ಕಂಡುಹಿಡಿಯಬೇಕಾದ ಸ್ಥಿರಾಂಕಗಳು ಐದು. ಮೇಲೆ ಕೆಳಗೆ x³ ದಿಂದ ಗುಣಿಸಿ x⁴ = t ಎಂದಿಟ್ಟರೆ ಉಳಿಯುವುದು ¼ ∫ dt/(t(t − 1)), ಸ್ಥಿರಾಂಕಗಳು ಎರಡು, ಉತ್ತರ ¼ log|(x⁴ − 1)/x⁴| + C. ಇಲ್ಲೂ ಒಡೆಯುತ್ತೇವೆ ನಿಜ. ಆದರೆ ಕೊನೆಗೆ, ಒಡೆಯಲು ಏನೂ ಕಷ್ಟವಿಲ್ಲದಷ್ಟು ಸಣ್ಣದಾದ ಮೇಲೆ.

ಆಂಶಿಕ ಭಿನ್ನರಾಶಿ ಬೇಡ ಎಂದು ನಾನು ಹೇಳುತ್ತಿಲ್ಲ. 1/((x − 2)(x − 3)) ಗೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ನನ್ನ ತಕರಾರು ಅದನ್ನು ಮೊದಲ ಸಾಲಿನಲ್ಲಿ ಕೂರಿಸಿದ್ದಕ್ಕೆ. ಟ್ಯೂಷನ್ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಘಾತ ನೋಡುವುದನ್ನೂ ಅಂಶ ನೋಡುವುದನ್ನೂ A, B ಗಿಂತ ಮೊದಲು ಹೇಳಿಕೊಡಿ. ಮಕ್ಕಳಲ್ಲಿ ಇನ್ನೊಂದು: ಫೋಟೊ ಕಳಿಸುವಾಗ ಮಿತಿಗಳೂ ಹಿಂದಿನ ಉತ್ತರವೂ ಬರುವಂತೆ ತೆಗೆಯಿರಿ, ಛೇದದ ಚಿಹ್ನೆಗಳನ್ನು ಕೆಳಗೆ ಟೈಪ್ ಮಾಡಿ ಕಳಿಸಿ.